ಕಾಗಕ್ಕ, ಗುಬ್ಬಕ್ಕ ಮತ್ತು ಒಂದು ಮೆಲುಮಳೆ

(ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



ಮಕ್ಕಳಿಗೆ ಮಲಗುವಾಗ ಕೇಳಿಸುವ ಒಂದು ಕಥೆಯನ್ನು ಮನೆಯಲ್ಲೇ ಧ್ವನಿಮುದ್ರಿಸಿ, ಅದಕ್ಕೆ ಸ್ವಲ್ಪ ಮಳೆ, ಸ್ವಲ್ಪ ಬಾಗಿಲು ಬಡಿಯುವ ಸದ್ದು ಸೇರಿಸಿ, ಕೊನೆಯ ಕಡತ ಮಾಡುವವರೆಗಿನ ಕೆಲಸ ಹೇಗಿರುತ್ತದೆ ಎಂದು ಇವತ್ತು ಹೇಳುತ್ತೇನೆ. ಹಲವು ಕಥೆಗಳ ಬಗ್ಗೆ ಮೇಲುಮೇಲೆ ಹೇಳುವ ಬದಲು ಒಂದೇ ಕಥೆಯನ್ನು ಹಿಡಿದುಕೊಳ್ಳುತ್ತೇನೆ. ಅದು ನಮ್ಮ ಹಿಂಜವಾಡಿಯ ಮನೆಯಲ್ಲಿ ನಮ್ಮತ್ತೆ ಹೇಳಿದ ಕಾಗಕ್ಕ ಗುಬ್ಬಕ್ಕನ ಕಥೆ. ಒಟ್ಟು 9 ನಿಮಿಷ 40 ಸೆಕೆಂಡು.

ಈ ಕಥೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದು ಮರಾಠಿಯಲ್ಲಿ ಆಗಲೇ ಗೊತ್ತು. ಚಿಊ ಮತ್ತು ಕಾಊ ಕಥೆ ಕೇಳದ ಪುಣೆಯ ಮಗು ಕಡಿಮೆ. ಅಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ನಮ್ಮ ಕಡೆ ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬರುತ್ತದೆ, ಸಗಣಿಯ ಮನೆ ಕರಗುತ್ತದೆ, ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಕೂಸಿನ ನೆಪ ಹೇಳಿ ಕಾಯಿಸುತ್ತಾಳೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳು 1997ರಲ್ಲಿ 'ಎ ಫ್ಲವರಿಂಗ್ ಟ್ರೀ' ಎಂಬ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅದರಲ್ಲೂ ಈ ಅಕ್ಕಂದಿರಿದ್ದಾರೆ. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿಗೆ ಅರ್ಥದ ಚಿಂತೆಯಿಲ್ಲ, ಕಿವಿ ನೇರವಾಗಿ ಕನ್ನಡದ ಕಡೆ ಹೋಗುತ್ತದೆ. ನಮ್ಮತ್ತೆ ವಿಜಯಪುರದ ಕಡೆಯವರು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಜೊತೆಗಿರುತ್ತಾರೆ, ದಸರೆಗೆ ಮೊದಲೇ ಊರಿಗೆ ಹೊರಡುತ್ತಾರೆ. ಉಳಿದ ಎಂಟು ತಿಂಗಳು ಮಗುವಿಗೆ ಆ ದನಿ ಬೇಕು. ನಮ್ಮ ಉದ್ದೇಶ ಇಷ್ಟೇ ಇತ್ತು.

ಎದುರಿಗೆ ಕೂತು ಕಥೆ ಹೇಳುವ ಅಜ್ಜಿ ಮಗುವಿನ ಕಣ್ಣು ನೋಡುತ್ತಿರುತ್ತಾಳೆ. ಹೆದರಿತು ಅನಿಸಿದರೆ ದನಿ ಇಳಿಸುತ್ತಾಳೆ, ರೆಪ್ಪೆ ಭಾರವಾದರೆ ಕಥೆಯನ್ನು ಅಲ್ಲಿಗೇ ಮುಗಿಸುತ್ತಾಳೆ. ಕಡತಕ್ಕೆ ಕಣ್ಣಿಲ್ಲ. ಅಜ್ಜಿ ನೋಡಿ ನೋಡಿ ಮಾಡುವುದನ್ನೆಲ್ಲ ನಾವು ಮೊದಲೇ ಲೆಕ್ಕ ಹಾಕಿ ಅದರೊಳಗೆ ಇಡಬೇಕು. ಬರವಣಿಗೆಯಿಂದ ಮಿಶ್ರಣದವರೆಗೆ ಎಲ್ಲ ತೀರ್ಮಾನಗಳೂ ಇದರಿಂದಲೇ ಹುಟ್ಟುತ್ತವೆ.

ಮೊದಲು ಬರಹದ ವಿಷಯ. ಅತ್ತೆಯವರ ಕೈಗೆ ಕಾಗದ ಕೊಟ್ಟು ಓದಿಸಬಾರದು. ಕಥೆ ಹೇಳುವವರು ಓದಲು ಶುರುಮಾಡಿದ ಕೂಡಲೇ ದನಿ ಶಾಲೆಯ ಪಾಠದ ದನಿ ಆಗುತ್ತದೆ, 'ಬಾಗ್ಲಾ ತಗಿ' ಹೋಗಿ 'ಬಾಗಿಲು ತೆರೆ' ಬಂದುಬಿಡುತ್ತದೆ. ಹಾಗಾಗಿ ಅವರು ಮಗುವಿಗೆ ಎರಡು ರಾತ್ರಿ ಕಥೆ ಹೇಳುವಾಗ ಫೋನಿನಲ್ಲಿ ಹಾಗೇ ಮುದ್ರಿಸಿಕೊಂಡು, ಅದನ್ನು ಕೇಳಿ ಬರೆದುಕೊಂಡೆ. ಆ ಬರಹ ನನಗೆ, ಅವರಿಗಲ್ಲ. ಎಡಗಡೆ ಮಾತು, ನಡುವೆ ಸದ್ದು, ಬಲಗಡೆ ಸಮಯ, ಹೀಗೆ ಮೂರು ಅಂಕಣ. ಅತ್ತೆಯವರು ಮಗುವಿಗೆ ಹೇಳುವ ವೇಗ ನಿಮಿಷಕ್ಕೆ 80 ಪದಗಳ ಆಸುಪಾಸು. 600 ಪದಗಳಿಗೆ ಏಳೂವರೆ ನಿಮಿಷ, ನಡುವಿನ ಮೌನಗಳಿಗೆ ಒಂದು ನಿಮಿಷಕ್ಕೆ ಸ್ವಲ್ಪ ಜಾಸ್ತಿ, ಕೊನೆಗೆ ಬರಿಯ ಮಳೆಗೆ ಒಂದು ನಿಮಿಷ.

ಆ ಬರಹವನ್ನು ಕೂತು ನೋಡಿದಾಗ ಎರಡು ಬದಲಾವಣೆ ಬೇಕೆನಿಸಿತು. ಕಾಗಕ್ಕ ಮೂರು ಸಲ ಬಾಗಿಲು ಬಡಿಯುತ್ತಾಳೆ. ನಾಟಕವಾದರೆ ಪ್ರತಿ ಸಲವೂ ಬಡಿತ ಜೋರಾಗುತ್ತಾ ಹೋಗಬೇಕು. ಮಲಗುವ ಕಥೆಯಲ್ಲಿ ಅದು ಇಳಿಯಬೇಕು. ಮೊದಲ ಸಲ ಮೂರು ಬಡಿತ, ಎರಡನೆಯ ಸಲ ಎರಡು, ಕೊನೆಗೆ ಒಂದೇ. ಕಾಗಕ್ಕನಿಗೂ ನೆನೆದು ನೆನೆದು ಸುಸ್ತಾಗಿದೆಯಲ್ಲ, ಕಥೆಗೂ ಅದು ಒಪ್ಪುತ್ತದೆ. ಗುಬ್ಬಕ್ಕನ ಉತ್ತರ ಮಾತ್ರ ಮೂರೂ ಸಲ ಒಂದೇ ರಾಗದಲ್ಲಿ ಬರಬೇಕು: "ತಡಿ ಯವ್ವಾ, ಕೂಸಿಗಿ ಎರ್ಯಾಕತ್ತೀನಿ", "ತಡಿ ಯವ್ವಾ, ಕೂಸಿಗಿ ಅಂಗಿ ಹಾಕಾಕತ್ತೀನಿ", "ತಡಿ ಯವ್ವಾ, ಕೂಸಿನ್ನ ಮಲಗ್ಸಾಕತ್ತೀನಿ". ಮೂರನೆಯದು ಬರುವ ಹೊತ್ತಿಗೆ ಕೇಳುವ ಕೂಸೂ ಮಲಗುವ ಹಾದಿಯಲ್ಲಿರುತ್ತದೆ.

ಎರಡನೆಯ ಬದಲಾವಣೆಗೆ ಮನೆಯಲ್ಲಿ ಸಣ್ಣ ಚರ್ಚೆಯೇ ಆಯಿತು. ಒಳಗೆ ಬಂದ ಕಾಗಕ್ಕ ರಾತ್ರಿಯಿಡೀ ಕಟುಂ ಕುಟುಂ ಎಂದು ಕಡಲೆ ತಿನ್ನುತ್ತಾಳೆ, ಏನದು ಸದ್ದು ಎಂದರೆ ನೀನು ಕೊಟ್ಟ ಅಡಿಕೆ ಅನ್ನುತ್ತಾಳೆ. ಬೆಳಿಗ್ಗೆ ಕಳ್ಳತನ ಗೊತ್ತಾಗುತ್ತದೆ, ಶಿಕ್ಷೆ ಆಗುತ್ತದೆ. ಶಿಕ್ಷೆಯ ಭಾಗ ಮನೆಯಿಂದ ಮನೆಗೆ ಬೇರೆ. ಕೆಲವು ಕಡೆ ಕಾದ ಹಂಚು, ಬರೆ ಎಲ್ಲ ಬರುತ್ತದೆ. ದೀಪ ಆರಿದ ಕೋಣೆಯಲ್ಲಿ, ಅಜ್ಜಿಯ ತೊಡೆಯೂ ಇಲ್ಲದಾಗ, ಕಥೆ ಬರೆಯ ಮೇಲೆ ಮುಗಿಯುವುದು ನನಗೆ ಬೇಡವಾಗಿತ್ತು. "ತಪ್ಪಿಗಿ ಶಿಕ್ಷಾ ಇಲ್ಲಂದ್ರ ಅದೆಂಥಾ ಕತಿನವಾ?" ಎಂದರು ಅತ್ತೆ. ಅವರ ಮಾತೂ ನಿಜ, ಕಥೆಯ ಬೆನ್ನೆಲುಬೇ ಅದು. ಕೊನೆಗೆ ಕಥೆಯನ್ನು ಎರಡು ಕಡತ ಮಾಡಿದೆವು. ರಾತ್ರಿಯದು ಕಟುಂ ಕುಟುಂ ನಿಧಾನವಾಗಿ ನಿಂತು, ಇಬ್ಬರೂ ಮಲಗುವಲ್ಲಿಗೆ ಮುಗಿಯುತ್ತದೆ. ಬೆಳಗಿನದು ತಿಂಡಿ ತಿನ್ನುವಾಗ ಕೇಳಲು, ಪೂರ್ತಿ ನ್ಯಾಯತೀರ್ಮಾನದೊಂದಿಗೆ.

ಇನ್ನು ಧ್ವನಿಮುದ್ರಣ. ಹಿಂಜವಾಡಿಯಲ್ಲಿ ನಿಶ್ಶಬ್ದ ಎಲ್ಲಿದೆ ಎಂದು ನೀವು ಕೇಳಬಹುದು. ಮಾಣ್ ರಸ್ತೆಯ ಕಡೆ ಹಗಲು ಬಸ್ಸು, ಕಂಪನಿ ಕ್ಯಾಬು, ರಾತ್ರಿ ಕಾಂಕ್ರೀಟ್ ಲಾರಿ. ನಮಗೆ ಸಿಕ್ಕ ಹೊತ್ತು ಬೆಳಗಿನ ಜಾವ ನಾಲ್ಕೂವರೆಯಿಂದ ಐದೂವರೆ. ಅತ್ತೆಯವರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. ಆಗಷ್ಟೇ ಎದ್ದವರ ದನಿ ಸ್ವಲ್ಪ ತಗ್ಗಿರುತ್ತದೆ, ಮಲಗುವ ಕಥೆಗೆ ಅದೇ ಚೆಂದ. ಸ್ಥಳ, ಸೀರೆಗಳ ಕಪಾಟಿನ ಮುಂದೆ. ಕಪಾಟಿನ ಎರಡೂ ಬಾಗಿಲು ತೆರೆದು, ಬೆನ್ನ ಹಿಂದೆ ಒಂದು ದಪ್ಪ ರಜಾಯಿ ಇಳಿಬಿಟ್ಟರೆ ಗೋಡೆಯಿಂದ ಮರಳುವ ದನಿ ಸಾಕಷ್ಟು ಕಡಿಮೆಯಾಗುತ್ತದೆ. ಖಾಲಿ ಫ್ಲ್ಯಾಟಿನ ಆ 'ಡಬ್ಬಿಯೊಳಗೆ ಮಾತಾಡಿದ' ಗುಣ ಒಮ್ಮೆ ಕಡತಕ್ಕೆ ಬಂತೆಂದರೆ ಆಮೇಲೆ ತೆಗೆಯುವುದು ಬಹಳ ಕಷ್ಟ. ಫ್ಯಾನು, ಫ್ರಿಜ್ಜು ಎರಡೂ ಬಂದ್. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಿರಲು ಕಾರಿನ ಕೀಲಿಯನ್ನು ಅದರ ಮೇಲೇ ಇಟ್ಟಿರುತ್ತೇನೆ.

ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಪ, ಬ, ಭ ಹೇಳುವಾಗ ಬಾಯಿಂದ ಹೊರಡುವ ಗಾಳಿ ನೇರ ಮೈಕಿಗೆ ಬಡಿದರೆ 'ದಬ್' ಎಂದು ಕೇಳುತ್ತದೆ. ಮೈಕು ಪಕ್ಕಕ್ಕಿದ್ದರೆ ಗಾಳಿ ದಾಟಿಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ಕಥೆಯನ್ನು ಒಂದೇ ಉಸಿರಿಗೆ ಹೇಳಿಸಲಿಲ್ಲ, ಏಳು ತುಂಡು ಮಾಡಿದೆವು. ಪ್ರತಿ ತುಂಡಿಗೆ ಮೊದಲು ನಾನು "ಆಮ್ಯಾಲೆ ಏನಾತು?" ಎಂದು ಕೇಳುತ್ತಿದ್ದೆ, ಅವರು ನನಗೆ ಹೇಳುತ್ತಿದ್ದರು. ಎದುರಿಗೆ ಕೇಳುವವರು ಇದ್ದರೆ ಮಾತ್ರ ಕಥೆಯ ದನಿ ಬರುವುದು. ಕೊನೆಗೆ ಇಬ್ಬರೂ ಸುಮ್ಮನೆ ಕೂತು 30 ಸೆಕೆಂಡು ಕೋಣೆಯ ಮೌನವನ್ನೂ ಮುದ್ರಿಸಿಕೊಂಡೆವು. ಮೌನ ಯಾಕೆ ಎಂದರೆ, ಮಾತಿನ ನಡುವೆ ವಿರಾಮ ಉದ್ದ ಮಾಡಬೇಕಾದಾಗ ಪೂರ್ಣ ಸೊನ್ನೆಯ ಮೌನ ಹಾಕಿದರೆ ಕಿವಿಗೆ ಗುಂಡಿಗೆ ಬಿದ್ದ ಹಾಗಾಗುತ್ತದೆ. ಅದೇ ಕೋಣೆಯ ಮೌನ ಹಾಕಿದರೆ ತೇಪೆ ಗೊತ್ತಾಗುವುದಿಲ್ಲ.

ಸಂಕಲನಕ್ಕೆ ನಾನು ಬಳಸುವುದು ಉಚಿತವಾಗಿ ಸಿಗುವ Audacity. ಮಾತಿನ ಕಡತಕ್ಕೆ ಮಾಡಿದ್ದು ಎರಡೇ ಕೆಲಸ. High-Pass Filter ಹಾಕಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದೆ. ಹೆಂಗಸರ ದನಿಯ ಮೂಲಸ್ವರ ಸಾಮಾನ್ಯವಾಗಿ 160 ಹರ್ಟ್ಸ್‌ಗಿಂತ ಮೇಲಿರುವುದರಿಂದ ದನಿಗೆ ಏನೂ ಆಗುವುದಿಲ್ಲ, ದೂರದ ಲಾರಿಯ ಗುಡುಗುಡು ಮತ್ತು ವಿದ್ಯುತ್ತಿನ 50 ಹರ್ಟ್ಸ್ ಗುಂಯ್ ಬಹುಮಟ್ಟಿಗೆ ಹೋಗುತ್ತವೆ. ಆಮೇಲೆ Noise Reduction. ಅದನ್ನು 6 ಡೆಸಿಬಲ್‌ಗೆ ನಿಲ್ಲಿಸಿದೆ. ಜಾಸ್ತಿ ಹಾಕಿದರೆ ಅಜ್ಜಿ ನೀರೊಳಗಿಂದ ಮಾತಾಡಿದಂತೆ ಕೇಳುತ್ತದೆ. ಉಳಿದ ಅಲ್ಪಸ್ವಲ್ಪ ಗದ್ದಲವನ್ನು ಹೇಗೂ ಮಳೆ ಮುಚ್ಚುತ್ತದೆ.

ಈಗ ಸದ್ದುಗಳು. ಇಲ್ಲಿ ಕನ್ನಡ ನಮಗೆ ದೊಡ್ಡ ಸಹಾಯ ಮಾಡುತ್ತದೆ. ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ್ದೇವಲ್ಲ, ಧೋ, ಪಟಪಟ, ಜಿಟಿಜಿಟಿ, ತೊಟತೊಟ. ಇವನ್ನು ಅಜ್ಜಿ ಬಾಯಲ್ಲೇ ಹೇಳಿದಾಗ ಅರ್ಧ ಕೆಲಸ ಮುಗಿದಿರುತ್ತದೆ. ಹಾಗಾಗಿ ಇಡೀ ಕಥೆಗೆ ಹೊರಗಿನ ಸದ್ದು ಮೂರೇ ಸಾಕು ಎಂದುಕೊಂಡೆ: ಮಳೆ, ಬಡಿತ, ಕಟುಂ ಕುಟುಂ. ಗುಡುಗು ಬೇಡ. ಗುಡುಗಿನ ಗಂಭೀರವೆಲ್ಲ ಕೆಳಗಿನ ಸ್ವರಗಳಲ್ಲಿದೆ, ಫೋನಿನ ಪುಟ್ಟ ಸ್ಪೀಕರಿಗೆ ಅದನ್ನು ನುಡಿಸಲು ಆಗುವುದಿಲ್ಲ. ಉಳಿಯುವುದು ಮೇಲಿನ ಚಟ್ ಸದ್ದು ಮಾತ್ರ, ಮಗುವನ್ನು ಬೆಚ್ಚಿಬೀಳಿಸುವುದೂ ಅದೇ. ಗುಡುಗನ್ನು ಅಜ್ಜಿಯ ಬಾಯಿಗೇ ಬಿಟ್ಟೆವು.

ಇನ್ನೊಂದು ನಿಯಮ: ಮೊದಲು ಮಾತು, ಆಮೇಲೆ ಸದ್ದು. "ಕಾಗಕ್ಕ ಬಂದು ಟಕ್ ಟಕ್ ಟಕ್ ಬಾಗ್ಲಾ ಬಡದಳು" ಎಂದ ಮೇಲೆ ಅರ್ಧ ಸೆಕೆಂಡು ಬಿಟ್ಟು ಬಡಿತ ಬರಬೇಕು. ಮೊದಲೇ ಸದ್ದು ಬಂದರೆ ಕತ್ತಲ ಕೋಣೆಯ ಮಗು ನಮ್ಮ ಮನೆಯ ಬಾಗಿಲನ್ನೇ ಯಾರೋ ಬಡಿದರು ಎಂದುಕೊಳ್ಳುತ್ತದೆ.

ಬಡಿತಕ್ಕೆ ಚಪಾತಿ ಮಣೆಯ ಮೇಲೆ ಮಡಿಸಿದ ಟವೆಲ್ ಹಾಸಿ, ಬೆರಳ ಗೆಣ್ಣಿನಿಂದ ಬಡಿದೆ. ಬೆಚ್ಚಿಬೀಳುವುದಕ್ಕೆ ಸದ್ದಿನ ಜೋರು ಎಷ್ಟು ಕಾರಣವೋ, ಅದು ಎಷ್ಟು ಥಟ್ಟನೆ ಏರುತ್ತದೆ ಎಂಬುದೂ ಅಷ್ಟೇ ಕಾರಣ. ಟವೆಲ್ ಆ ಏರಿಕೆಯನ್ನು ಮೊಂಡು ಮಾಡುತ್ತದೆ. ಜೊತೆಗೆ ಪ್ರತಿ ಬಡಿತದ ಮೊದಲ 15 ಮಿಲಿಸೆಕೆಂಡಿಗೆ Fade In ಹಾಕಿದೆ. ಮರ ಎಂದು ಗೊತ್ತಾಗುತ್ತದೆ, ಮೊನಚು ಇರುವುದಿಲ್ಲ. ಕಟುಂ ಕುಟುಂಗೆ ಬಾಯಿಂದ ಅಗಿಯುವ ಸದ್ದು ಬೇಡ, ಮೈಕಿನ ಹತ್ತಿರ ಅದು ಅಸಹ್ಯವಾಗಿ ಕೇಳುತ್ತದೆ. ಅತ್ತೆಯವರ ಅಡಕೊತ್ತಿನಲ್ಲಿ ಹುರಿದ ಕಡಲೆಯನ್ನು ತೆಳು ಬಟ್ಟೆಯೊಳಗಿಟ್ಟು ಒಡೆದೆವು. ಹನ್ನೆರಡು ಕಾಳು ಸಾಕಾಯಿತು. ಕಾಳಿಗೂ ಕಾಳಿಗೂ ನಡುವಿನ ಸಮಯ ಎರಡು ಸೆಕೆಂಡಿನಿಂದ ಶುರುವಾಗಿ, ಕೊನೆಯಲ್ಲಿ ಏಳೆಂಟು ಸೆಕೆಂಡಾಗುತ್ತದೆ. ಕಾಗಕ್ಕನಿಗೆ ನಿದ್ದೆ ಬರುತ್ತಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಕಷ್ಟವಿರುವುದು ಮಳೆಯಲ್ಲಿ. ಮಳೆ ಬಹಳ ಮೆತ್ತಗಿನ ಸದ್ದು ಎಂದುಕೊಳ್ಳುತ್ತೇವೆ. ಮಿಶ್ರಣ ಮಾಡುವವರಿಗೆ ಅದೇ ದೊಡ್ಡ ತಲೆನೋವು. ವೀಣೆಯ ಸದ್ದು ಕೆಲವು ಸ್ವರಗಳಲ್ಲಿರುತ್ತದೆ, ಮಳೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳಲ್ಲೂ ಹರಡಿರುತ್ತದೆ. ಸ, ಶ, ಚ, ತ ಇವುಗಳ ಗುರುತು ಇರುವುದು ಮೇಲಿನ ಭಾಗದಲ್ಲಿ. ಮಳೆ ಮುಚ್ಚುವುದು ಆ ವ್ಯಂಜನಗಳನ್ನೇ. ದೊಡ್ಡವರು ಊಹಿಸಿಕೊಳ್ಳುತ್ತಾರೆ. ಕನ್ನಡದ ಪದ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಊಹಿಸಲು ಏನಿದೆ? 'ಸಗಣಿ' ಅದಕ್ಕೆ 'ಅಗಣಿ' ಆಗಿಬಿಡುತ್ತದೆ. ನಾವು ಇಷ್ಟೆಲ್ಲ ಮಾಡಿದ್ದು ಆ ಪದಗಳಿಗಾಗಿ, ಅವೇ ಕೊಚ್ಚಿಹೋದರೆ ಮಳೆ ಎಷ್ಟು ಚೆನ್ನಾಗಿದ್ದರೇನು?

ಮಳೆಯನ್ನು ಜುಲೈನಲ್ಲಿ ನಮ್ಮ ಬಾಲ್ಕನಿಯಿಂದಲೇ ಮುದ್ರಿಸಿದೆ. ಎರಡು ಬಗೆ ತೆಗೆದುಕೊಂಡೆ. ಒಂದು ಧೋ ಎಂದು ಸುರಿಯುವುದು, ಇನ್ನೊಂದು ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವುದು. ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿದರೆ ಗಾಳಿಯ ಬಡಿತ ಕಡಿಮೆ. ಹನಿ ಬೀಳುವ ಜಾಗವೂ ಮುಖ್ಯ. ಬರಿಯ ಸಿಮೆಂಟಿನ ಮೇಲೆ ಬೀಳುವ ಮಳೆ ಕಡತದಲ್ಲಿ ಬಾಣಲೆಯಲ್ಲಿ ಏನೋ ಕರಿದ ಹಾಗೆ ಕೇಳುತ್ತದೆ. ಎಲೆ, ತಗಡು, ಬಕೆಟ್ಟಿನ ನೀರು ಇವುಗಳ ಮೇಲೆ ಬೀಳುವ ಕೆಲವು ಬಿಡಿ ಹನಿಗಳು ಸೇರಿದರೆ ಮಾತ್ರ ಮಳೆ ಎನಿಸುತ್ತದೆ. ಕುಂಡಗಳ ಹತ್ತಿರ ಮೈಕು ಇಟ್ಟು ಮೂರು ನಿಮಿಷ ತೆಗೆದುಕೊಂಡು, ಅದನ್ನೇ ಮತ್ತೆ ಮತ್ತೆ ಜೋಡಿಸಿದೆ. ಜೋಡಿಸುವಲ್ಲಿ ಐದು ಸೆಕೆಂಡು ಒಂದರ ಮೇಲೊಂದು ಬರಬೇಕು. ಎದ್ದು ಕೇಳುವ ಒಂದು 'ಟಣ್' ಹನಿ ಇದ್ದರೆ ಅದನ್ನು ಕತ್ತರಿಸಿ ತೆಗೆಯಬೇಕು. ಅದು ಮೂರು ನಿಮಿಷಕ್ಕೊಮ್ಮೆ ಬಂದರೆ ಮಕ್ಕಳು ಕಾದು ಕೂರುತ್ತಾರೆ, ನಿದ್ದೆ ಎಲ್ಲಿಂದ ಬರಬೇಕು!

ಮಾತಿಗೆ ಜಾಗ ಬಿಡಲು ಎರಡು ಉಪಾಯ. ಒಂದು, ಮಳೆಯ ಕಡತದಲ್ಲಿ 2,000ದಿಂದ 5,000 ಹರ್ಟ್ಸ್ ನಡುವೆ 5 ಡೆಸಿಬಲ್‌ನಷ್ಟು ತಗ್ಗಿಸುವುದು. ಮಳೆ ಮಳೆಯಾಗಿಯೇ ಉಳಿಯುತ್ತದೆ, ವ್ಯಂಜನಗಳು ಆ ತಗ್ಗಿನಲ್ಲಿ ಕೂರುತ್ತವೆ. ಎರಡು, ಮಾತು ಇರುವಾಗ ಮಳೆಯನ್ನು ಮಾತಿಗಿಂತ ಸುಮಾರು 20 ಡೆಸಿಬಲ್ ಕೆಳಗಿಡುವುದು, ಮಾತು ನಿಂತಾಗ 14ರವರೆಗೆ ಏರಲು ಬಿಡುವುದು. ಇದನ್ನು Auto Duck ತಾನಾಗಿಯೇ ಮಾಡುತ್ತದೆ. ಆದರೆ ಪ್ರತಿ ಸಣ್ಣ ವಿರಾಮಕ್ಕೂ ಮಳೆ ಎದ್ದು ಕೂತರೆ ಏದುಸಿರು ಬಿಟ್ಟಂತೆ ಕೇಳುತ್ತದೆ. ಅದಕ್ಕೆ ನಾನು Envelope Tool ಹಿಡಿದು ಕೈಯಿಂದಲೇ ಎಳೆದೆ. ಎರಡು ಸೆಕೆಂಡಿಗಿಂತ ಉದ್ದದ ವಿರಾಮಗಳಲ್ಲಿ ಮಾತ್ರ ಏರಿಕೆ, ಅದೂ ಒಂದೂವರೆ ಸೆಕೆಂಡು ತೆಗೆದುಕೊಂಡು.

ಈಗ ಕೊನೆಯ ಮಿಶ್ರಣ. ಮಲಗುವ ಕಥೆ ಎಂದರೆ ಸದ್ದು ಕಡಿಮೆ ಇರಬೇಕು ಎಂದು ಇಡೀ ಕಡತವನ್ನು ತಗ್ಗಿಸಿಡುವವರು ಬಹಳ. ಅದರಿಂದ ಆಗುವುದೇನು? ಅಮ್ಮ ಫೋನಿನ ವಾಲ್ಯೂಮ್ ಪೂರ್ತಿ ಏರಿಸುತ್ತಾಳೆ, ಕಥೆ ಮುಗಿದ ಕೂಡಲೇ ಬರುವ ಜಾಹೀರಾತೋ ಮೆಸೇಜಿನ ಟಿಂಗೋ ಮನೆ ಎಬ್ಬಿಸುತ್ತದೆ. ಮೆಲುದನಿ ಎನಿಸುವುದು ಏರಿಳಿತ ಕಡಿಮೆ ಇದ್ದಾಗ. ಆದ್ದರಿಂದ ಒಟ್ಟು ಮಟ್ಟವನ್ನು ಸಾಧಾರಣ ಪಾಡ್‌ಕಾಸ್ಟಿಗಿಂತ ಸ್ವಲ್ಪವೇ ಕೆಳಗಿಟ್ಟು, ಏರಿಳಿತವನ್ನು ಸಣ್ಣದು ಮಾಡಬೇಕು. ಇದನ್ನು ಅಳೆಯಲು ಒಂದೇ ಸಾಲಿನ ಆಜ್ಞೆ ಸಾಕು:

```
ffmpeg -i kathe.wav -af loudnorm=print_format=summary -f null -
```

ಇದು ಕಡತವನ್ನು ಬದಲಿಸುವುದಿಲ್ಲ, ಅಳತೆ ಮಾತ್ರ ಹೇಳುತ್ತದೆ. ಪರದೆಯ ಮೇಲೆ Input Integrated ಎಂದು ಬರುವುದು ಒಟ್ಟು ಮಟ್ಟ. ಪಾಡ್‌ಕಾಸ್ಟಿಗೆ -16 LUFS ರೂಢಿ, ನಮ್ಮದು -18. Input LRA ಎಂಬುದು ಏರಿಳಿತ. ಅತ್ತೆಯವರ ಕಚ್ಚಾ ಕಡತದಲ್ಲಿ ಅದು 11 ಇತ್ತು. ಮಳೆ ಸುರಿಯುವ ಕಡೆ ಉತ್ಸಾಹದಿಂದ ಕೂಗಿದ್ದಾರೆ, ಕೂಸು ಮಲಗಿಸುವ ಕಡೆ ಪಿಸುಗುಟ್ಟಿದ್ದಾರೆ. ಎದುರಿಗೆ ಕೇಳಲು ಅದೇ ಸೊಗಸು. ಕತ್ತಲಲ್ಲಿ ಮಾತ್ರ ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿದವರಿಗೆ ಮುಂದಿನ ಕೂಗು ಹೊಡೆಯುತ್ತದೆ. ಕೂಗಿದ ಆರು ವಾಕ್ಯಗಳನ್ನು ಕೈಯಿಂದಲೇ ತಗ್ಗಿಸಿ, ಪಿಸುಮಾತನ್ನು ಸ್ವಲ್ಪ ಎತ್ತಿ, ಆಮೇಲೆ ಹಗುರವಾಗಿ Compressor ಹಾಕಿದಾಗ 6ಕ್ಕೆ ಬಂತು. ಅದಕ್ಕಿಂತ ಇಳಿಸಿದರೆ ಅಜ್ಜಿಯ ದನಿ ರೈಲ್ವೆ ನಿಲ್ದಾಣದ ಪ್ರಕಟಣೆ ಆಗುತ್ತದೆ.

ಇಡೀ ಕಥೆಯ ಇಳಿಜಾರನ್ನು ಕೊನೆಗೆ ಸರಿಮಾಡಿದೆ. ಜೋರು ಮಳೆ ಎರಡೂವರೆಯಿಂದ ನಾಲ್ಕನೆಯ ನಿಮಿಷದೊಳಗೆ ಮುಗಿಯುತ್ತದೆ. ಆರನೆಯ ನಿಮಿಷಕ್ಕೆ ಬಾಗಿಲು ತೆರೆದು ಕಾಗಕ್ಕ ಒಳಗೆ ಬಂದಾಗ ಮಳೆಯ ಮೇಲಿನ ಸ್ವರಗಳನ್ನು ಕತ್ತರಿಸಿದೆ, ಗೋಡೆಯಾಚೆಯ ಮಳೆ ಹಾಗೆಯೇ ಕೇಳುವುದು. ಹೊರಗಿನ ತಂಡಿ ಹೋಗಿ ಒಳಗೆ ಬೆಚ್ಚಗಾಯಿತು ಎಂದು ಮಗುವಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಎಂಟು ನಿಮಿಷ 40 ಸೆಕೆಂಡಿಗೆ ಮಾತು ನಿಲ್ಲುತ್ತದೆ. ಆಮೇಲೆ ಒಂದು ನಿಮಿಷ ಸೂರಿನ ತೊಟತೊಟ ಮಾತ್ರ, ಅದರ ಕೊನೆಯ 40 ಸೆಕೆಂಡು ನಿಧಾನವಾಗಿ ಮಾಯ. ಸದ್ದು ಥಟ್ಟನೆ ನಿಂತರೆ ಅರೆನಿದ್ದೆಯ ಮಗು ಕಣ್ಣು ಬಿಡುತ್ತದೆ. ನಿಂತ ಫ್ಯಾನಿಗೆ ನಾವು ಎಚ್ಚರವಾಗುವುದಿಲ್ಲವೇ, ಹಾಗೆ.

ಆದದ್ದು ಸರಿಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಮೊದಲನೆಯದು, ಫೋನನ್ನು ಮಂಚದಿಂದ ಎರಡು ಮಾರು ದೂರವಿಟ್ಟು, ಫ್ಯಾನು ಹಾಕಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ತಿಳಿಯದ ಪದಗಳನ್ನು ಬರೆಯಲು ಹೇಳುವುದು. ತಿಳಿಯದ ಪದಗಳೆಲ್ಲ ಮಳೆಯ ಭಾಗದಲ್ಲೇ ಇದ್ದರೆ ಮಳೆ ಇನ್ನೂ ಜಾಸ್ತಿ ಇದೆ ಎಂದರ್ಥ. ಎರಡನೆಯದು, ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಕೇಳುವುದು. ಅಲ್ಲಿಂದ ಒಂದೇ ಸಮನೆ ಗುನುಗಿದಂತೆ ಕೇಳಬೇಕು. ಬಡಿತ ಬಡಿತವೆಂದೇ ಗೊತ್ತಾದರೆ ಅದನ್ನು ಇನ್ನೂ 3 ಡೆಸಿಬಲ್ ಇಳಿಸಬೇಕು.

ಕಡತವನ್ನು ಎಮ್‌ಪಿ3 ಮಾಡುವಾಗ ಮಾನೊ, 96 ಕೆಬಿಪಿಎಸ್. ಸುಮಾರು 7 ಎಂಬಿ ಆಗುತ್ತದೆ. 32ಕ್ಕೋ 48ಕ್ಕೋ ಇಳಿಸಿದರೆ ಮಾತು ಪರವಾಗಿಲ್ಲ ಎನಿಸಿದರೂ ಮಳೆ ಗಿರಗಿರ ತಿರುಗಿದಂತೆ ಕೇಳತೊಡಗುತ್ತದೆ, ಸಂಕುಚನಕ್ಕೆ ಮಳೆಯಷ್ಟು ಕಷ್ಟದ ಸದ್ದು ಕಡಿಮೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಕಡತ ಇದ್ದ ಹಾಗೇ ಹೋಗುತ್ತದೆ. ಮಗುವಿಗೆ ಇಯರ್‌ಫೋನ್ ಬೇಡ, ಫೋನು ದಿಂಬಿನ ಕೆಳಗೂ ಬೇಡ.

ಇದನ್ನು ಬೇರೆಯವರ ಜೊತೆ ಹಂಚಿಕೊಳ್ಳುವುದಾದರೆ ಹಕ್ಕಿನ ವಿಷಯ ನೆನಪಿರಲಿ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಜನಪದ ಕಥೆ ನಮ್ಮೆಲ್ಲರದು. ಪುಸ್ತಕದಿಂದ ಓದುವುದಾದರೆ ಅನುಮತಿ ಬೇಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ, ಬರೆದವರ ಹೆಸರು ಹೇಳಿ ಬಳಸಬಹುದು. ಮಳೆ ಸಿಗದ ಕಾಲದಲ್ಲಿ freesound.org ತಾಣದಲ್ಲಿ CC0 ಎಂದು ಗುರುತಿಸಿದ ಸದ್ದುಗಳನ್ನು ಹುಡುಕಿ.

ಕೊನೆಯದಾಗಿ, ಅತ್ತೆಯವರ ಕಚ್ಚಾ ಕಡತಗಳನ್ನು ನಾನು ಅಳಿಸಿಲ್ಲ. ತಗ್ಗಿಸದ ಕೂಗು, ಎತ್ತದ ಪಿಸುಮಾತು, ನಡುವೆ "ತಡಿ, ನೀರ ಕುಡಿತೀನಿ" ಅಂದದ್ದು, ಎಲ್ಲವೂ ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ಎರಡು ಕಡೆ ಇವೆ. ಮಗುವಿಗೆ ನಿದ್ದೆ ಬರಿಸಲು ಮಿಶ್ರಣ ಮಾಡಿದ ಕಡತ ಬೇಕು. ಮುಂದೆ ಅದು ದೊಡ್ಡದಾಗಿ ಅಜ್ಜಿ ನಿಜವಾಗಿ ಹೇಗೆ ಕಥೆ ಹೇಳುತ್ತಿದ್ದಳು ಎಂದು ಕೇಳಿದಾಗ ಕೊಡಬೇಕಾದದ್ದು ಈ ಕಚ್ಚಾ ಕಡತವನ್ನೇ. ನಿಮ್ಮ ಮನೆಗೆ ಈ ಮಳೆಗಾಲಕ್ಕೆ ಊರಿನಿಂದ ಯಾರಾದರೂ ಬಂದಿದ್ದರೆ, ಮೊದಲು ಫ್ರಿಜ್ಜು ಬಂದ್ ಮಾಡಿ, "ಆಮ್ಯಾಲೆ ಏನಾತು?" ಎಂದು ಕೇಳಿ.